ಟಿಎಸ್‌ಎಚ್‌ಗೆ ಹೊಸ ಮಷೀನ್: ಒಂದೇ ದಿನ 20 ಸಲ ಓಡಿಸಿದರೆ ಸಾಕಾ?

ಕೇಳಿದವರು, ಊರಿನ ಲ್ಯಾಬ್‌ನ ಟೆಕ್ನಿಷಿಯನ್: ಥೈರಾಯ್ಡ್‌ಗೆ ಮಾಡುವ ಟಿಎಸ್‌ಎಚ್ ಪರೀಕ್ಷೆಗೆ ಹೊಸ ಮಷೀನ್ ಬಂದಿದೆ. ಒಂದೇ ಕಂಟ್ರೋಲನ್ನು ಒಂದೇ ದಿನ 20 ಸಲ ಹಾಕಿದೆ, ಏರಿಳಿತದ ಅಳತೆಯಾದ ಸಿವಿ 2% ಬಂತು. ಕ್ಯಾಲಿಬ್ರೇಟರ್‌ಗಳನ್ನೇ ಓಡಿಸಿದೆ, ಗೆರೆ ನೇರವಾಗಿದೆ. ಸಲೈನ್ ಹಾಕಿದರೆ 0.00 ತೋರಿಸುತ್ತದೆ. ಸೋಮವಾರದಿಂದ ರಿಪೋರ್ಟ್ ಕೊಡಬಹುದಾ?

ಇನ್ನೊಬ್ಬ ಟೆಕ್ನಿಷಿಯನ್: ಇನ್ನೊಂದೇ ಕೆಲಸ ಬಾಕಿ. ಹಳೆ ಮಷೀನಿನ ಜೊತೆ 40 ಪೇಷಂಟ್ ಸ್ಯಾಂಪಲ್ ಹೋಲಿಸಿ. ಎರಡರ ಅಂಕಿ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅಂತ ಹೇಳುವ r 0.99 ಬಂದರೆ ಅಕ್ಯುರಸಿ ಆಯಿತು, ಧೈರ್ಯವಾಗಿ ಶುರು ಮಾಡಿ.

ಬಯೋಕೆಮಿಸ್ಟ್, ಆಸ್ಪತ್ರೆ ಲ್ಯಾಬ್: ಸೋಮವಾರ ಬೇಡ. ಕಿಟ್‌ನ ಪೂರ್ತಿ ವ್ಯಾಲಿಡೇಶನ್ ಕಂಪನಿಯವರೇ ಮಾಡಿರುತ್ತಾರೆ. ಅವರು ಹೇಳಿದ್ದು ನಿಮ್ಮ ಲ್ಯಾಬ್‌ನಲ್ಲಿ, ನಿಮ್ಮ ಕರೆಂಟು, ನೀರು, ಕೈಗಳ ಜೊತೆ ನಿಲ್ಲುತ್ತದಾ ಅನ್ನುವುದನ್ನಷ್ಟೇ ನೀವು ನೋಡಬೇಕು. ಅಷ್ಟಕ್ಕೂ ಒಂದು ದಿನ ಸಾಲದು.

ಒಂದೇ ದಿನದ 20 ಸಲ ಮಷೀನಿನ ಒಳ್ಳೆಯ ಮುಖವನ್ನು ಮಾತ್ರ ತೋರಿಸುತ್ತದೆ. ಪೇಷಂಟ್ ಇವತ್ತು ಬಂದು ಮೂರು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ, ಅಲ್ವಾ? ಹಾಗಾಗಿ ಎರಡು ಮಟ್ಟದ ಕಂಟ್ರೋಲ್ ತಗೊಂಡು, ದಿನಕ್ಕೆ ಐದು ಸಲದಂತೆ ಐದು ದಿನ ಓಡಿಸಿ. ಒಂದು ದಿನದೊಳಗಿನ ಸಿವಿ ಬೇರೆ, ದಿನದಿಂದ ದಿನಕ್ಕೆ ಆಗುವ ಏರಿಳಿತ ಸೇರಿಸಿದ ಸಿವಿ ಬೇರೆ. ಎರಡನ್ನೂ ಕಿಟ್ ಹಾಳೆಯ ಅಂಕಿಗೆ ಹೋಲಿಸಿ.

ಕ್ಯಾಲಿಬ್ರೇಟರ್ ಹಾಕಿದ್ದಕ್ಕೆ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಮಷೀನ್ ಗೆರೆ ಎಳೆದಿದ್ದೇ ಅವುಗಳ ಮೇಲೆ. ಅವು ಗೆರೆ ಮೇಲೆ ಕೂರದೆ ಇನ್ನೆಲ್ಲಿ ಕೂರುತ್ತವೆ? 80 ಇರುವ ಪೇಷಂಟ್ ಸೀರಮ್, 0.4 ಇರುವ ಸೀರಮ್ ತಗೊಂಡು ಬೇರೆ ಬೇರೆ ಪಾಲಿನಲ್ಲಿ ಬೆರೆಸಿ. ಅರ್ಧಕ್ಕರ್ಧ ಬೆರೆಸಿದ್ದು 40.2 ಸುತ್ತ ಬರಬೇಕು. ಅದು 46 ಬಂತು ಅಂದುಕೊಳ್ಳಿ. ನಡುವಿನ ಟ್ಯೂಬ್ ತಪ್ಪು ಅನ್ನಿಸುತ್ತದೆ. ಪಿಪೆಟ್ ಸರಿಯಿದ್ದರೆ ಮೊದಲು ತುದಿಯನ್ನು ಅನುಮಾನಿಸಿ: ನಿಜಕ್ಕೂ 92 ಇರುವುದನ್ನು ಮಷೀನ್ 80 ಎಂದು ಓದಿರಬಹುದು.

ಸಲೈನಿನ 0.00 ನಂಬಬೇಡಿ. ಎಷ್ಟೋ ಮಷೀನು ಸೊನ್ನೆಗಿಂತ ಕೆಳಗೆ ಹೋದದ್ದನ್ನು ಸುಮ್ನೆ ಸೊನ್ನೆ ಅಂತಲೇ ಬರೆಯುತ್ತದೆ. ಏರಿಳಿತವೇ ಕಾಣದಿದ್ದರೆ ಟಿಎಸ್‌ಎಚ್ ಇಲ್ಲದ ಬ್ಲ್ಯಾಂಕ್‌ನ ಮಿತಿ ಲೆಕ್ಕ ಹಾಕುವುದು ಹೇಗೆ? ಒಳಗಿನ ಸಿಗ್ನಲ್ ಅಂಕಿ ತೆಗೆಸಿಕೊಡಿ ಅಂತ ಸರ್ವಿಸ್ ಎಂಜಿನಿಯರನ್ನು ಕೇಳಿ. ಆಮೇಲೆ ಮಷೀನ್ ಗುರುತಿಸಬಲ್ಲ ಅತಿ ಕಡಿಮೆ ಮಟ್ಟ ಅಂತ ಕಂಪನಿ ಹೇಳಿದ ಎಲ್‌ಒಡಿಯಷ್ಟು ಇರುವ ಸೀರಮ್‌ಗಳನ್ನು ಕೆಲವು ದಿನಗಳಲ್ಲಿ ಹಂಚಿ 20 ಸಲ ಓಡಿಸಿ. ಕನಿಷ್ಠ 17 ಸಲ ಬ್ಲ್ಯಾಂಕ್‌ನ ಮಿತಿಗಿಂತ ಮೇಲೆ ಬರಬೇಕು. ಆದರೆ ಡಾಕ್ಟರಿಗೆ ಬೇಕಾಗಿರುವುದು "ಇದೆಯೋ ಇಲ್ಲವೋ" ಅಲ್ಲ. ಥೈರಾಯ್ಡ್ ಜಾಸ್ತಿಯಾದವರಲ್ಲಿ 0.02 ಮತ್ತು 0.2 ಬೇರೆ ಬೇರೆ ಕಥೆ ಹೇಳುತ್ತವೆ. ಹಾಗಾಗಿ ಸಿವಿ 20% ದಾಟದೆ ಎಷ್ಟು ಕೆಳಗೆ ಹೋಗುತ್ತದೆ ಅನ್ನುವುದನ್ನೂ ನೋಡಿ.

ಇನ್ನು r. ಹೊಸ ಮಷೀನ್ ಎಲ್ಲರಿಗೂ 12% ಕಡಿಮೆ ಕೊಟ್ಟರೂ r 0.99 ಬರುತ್ತದೆ. 80 ಇರುವ ಒಂದು ಸ್ಯಾಂಪಲ್ ಸಾಕು, r ಮೇಲಕ್ಕೆ ಏರುತ್ತದೆ. ಅದೇ 12%ಗೆ 4.8 ಇದ್ದದ್ದು 4.2 ಆಗಿ, ಹೆಚ್ಚು ಅನ್ನಿಸಿಕೊಂಡವರು ನಾರ್ಮಲ್ ಆಗಿಬಿಡುತ್ತಾರೆ. ಪ್ರತಿ ಸ್ಯಾಂಪಲ್‌ನ ವ್ಯತ್ಯಾಸ ಬರೆದು ನೋಡಿ.

ಔಷಧ ಕಂಪನಿಯ ಕ್ಯೂಸಿಯವರು: ನಮ್ಮ ಎಚ್‌ಪಿಎಲ್‌ಸಿಯಲ್ಲಿ ಇಷ್ಟು ತಲೆಬಿಸಿ ಇಲ್ಲ. ಪ್ಲಸೀಬೊಗೆ ಮದ್ದು ಬೆರೆಸಿ, 80, 100, 120% ಮಟ್ಟದಲ್ಲಿ ರಿಕವರಿ ನೋಡುತ್ತೇವೆ. ಎಲ್‌ಒಡಿಗೆ 3.3σ/S; σ ಅಂದರೆ ಸಿಗ್ನಲ್‌ನ ಏರಿಳಿತ, S ಅಂದರೆ ಗೆರೆಯ ಇಳಿಜಾರು. ನೀವೂ ಟಿಎಸ್‌ಎಚ್ ಬೆರೆಸಿ ನೋಡಬಹುದಲ್ಲ?

ಬಯೋಕೆಮಿಸ್ಟ್: ನಿಮ್ಮ ಪ್ಲಸೀಬೊದಲ್ಲಿ ಮದ್ದು ಇರುವುದಿಲ್ಲ ಸರ್. ನಮ್ಮ ಸೀರಮ್‌ನಲ್ಲಿ ಟಿಎಸ್‌ಎಚ್ ಮೊದಲೇ ಇರುತ್ತದೆ. ಬಾಟಲಿಯ ಟಿಎಸ್‌ಎಚ್‌ಗೆ ಅಂಟಿದ ಸಕ್ಕರೆ ಭಾಗ ರಕ್ತದಲ್ಲಿರುವುದರಂತೆಯೇ ಇರಬೇಕೆಂದಿಲ್ಲ. ಆಂಟಿಬಾಡಿ ಎರಡನ್ನೂ ಒಂದೇ ಥರ ಹಿಡಿಯುತ್ತದೆ ಅಂತ ಹೇಳಲಾಗದು.

ಇನ್ನೊಬ್ಬ ಟೆಕ್ನಿಷಿಯನ್: ಆದ್ರೂ ಮೇಡಂ, 12% ಕಡಿಮೆ ಬಂದರೆ ಹಳೆಯದು ಸರಿಯೋ ಹೊಸದು ಸರಿಯೋ?

ಬಯೋಕೆಮಿಸ್ಟ್: ಅದೇ ಕಷ್ಟ. ಟಿಎಸ್‌ಎಚ್‌ನಲ್ಲಿ ಕಂಪನಿಯಿಂದ ಕಂಪನಿಗೆ ಅಂಕಿ ಪೂರ್ತಿ ಹೊಂದುವುದಿಲ್ಲ. ಹೊರಗಿನ ಕ್ವಾಲಿಟಿ ಸ್ಕೀಮ್‌ನ ಸ್ಯಾಂಪಲ್ ಓಡಿಸಿ, ಅದೇ ಮಷೀನ್ ಬಳಸುವ ಲ್ಯಾಬ್‌ಗಳ ಗುಂಪಿನ ಸರಾಸರಿಗೆ ಹೋಲಿಸಿ. ಗುಂಪಿನ ಜೊತೆ ಇದ್ದರೆ ಮಷೀನ್ ಸರಿ. ಆದರೆ ಹಳೆ ಪೇಷಂಟ್‌ಗಳ ಡಾಕ್ಟರಿಗೆ ಮಷೀನ್ ಬದಲಾಗಿದೆ ಅಂತ ತಿಳಿಸಿ.

ಕೇಳಿದವರು, ಒಂದು ವಾರದ ನಂತರ: ಐದು ದಿನದ ಸರಾಸರಿ 4.0, 4.1, 4.0, 4.4, 4.5. ಪ್ರತಿ ದಿನದೊಳಗೆ ಸಿವಿ 2% ಮಾತ್ರ. ಎಲ್ಲ ಸೇರಿಸಿದರೆ 6% ಹತ್ತಿರ. ಕಿಟ್ ಹಾಳೆಯಲ್ಲಿ 4%.

ಬಯೋಕೆಮಿಸ್ಟ್: ನಾಲ್ಕನೇ ದಿನ ಏನು ಬದಲಾಯಿತು?

ಕೇಳಿದವರು: ಹೊಸ ರೀಏಜೆಂಟ್ ಪ್ಯಾಕ್ ಹಾಕಿದೆವು. ಅವತ್ತೇ ಕ್ಯಾಲಿಬ್ರೇಶನ್ ಕೂಡ ಮಾಡಿದೆವು. ಕಂಟ್ರೋಲ್ ಬಾಟಲಿಯೂ ಹೊಸದು ಬಿಚ್ಚಿದ ನೆನಪು.

ಬಯೋಕೆಮಿಸ್ಟ್: ಮೂರೂ ಒಟ್ಟಿಗೆ ಮಾಡಿದರೆ ಕಳ್ಳ ಸಿಗುವುದಿಲ್ಲ ಮಾರಾಯ್ರೇ. ನಾಲ್ಕನೇ ದಿನಕ್ಕೆ ಮೊದಲು ಓಡಿಸಿದ ಪೇಷಂಟ್ ಸೀರಮ್ ಫ್ರೀಜರ್‌ನಲ್ಲಿ ಉಳಿದಿದ್ದರೆ ಇವತ್ತು ಓಡಿಸಿ. ಅದೂ ಏರಿದ್ದರೆ ಪ್ಯಾಕ್ ಅಥವಾ ಕ್ಯಾಲಿಬ್ರೇಶನ್. ಏರದಿದ್ದರೆ ಬಾಟಲಿ.

ಕೇಳಿದವರು: ನಾಲ್ಕು ಟ್ಯೂಬ್ ಇವೆ. ನಾಳೆ ಹಾಕಿ ಹೇಳುತ್ತೇನೆ.