ಪದಚರ್ಚೆ: ಆಕಾಶದಲ್ಲಿ ಬೀಳುವ ಪಟ್ಟೆ, ಅಂದರೆ ಬ್ಯಾಂಡಿಂಗ್, ಮತ್ತು ಡಿದರಿಂಗ್‌ಗೆ ಕನ್ನಡದಲ್ಲಿ ಏನು?

ಧಾರವಾಡದಿಂದ ಪ್ರಶ್ನೆ

ನಮಸ್ಕಾರ. ವಿಡಿಯೊ ಎಡಿಟಿಂಗ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಉದಾಹರಣೆಗೆ ನನ್ನದೇ ಒಂದು ಸೂರ್ಯಾಸ್ತದ ಶಾಟ್ ಇಟ್ಟುಕೊಂಡಿದ್ದೇನೆ. ಕ್ಯಾಮೆರಾದ 10 ಬಿಟ್ ಫೈಲಿನಲ್ಲಿ ಆಕಾಶ ನುಣುಪಾಗಿದೆ. 8 ಬಿಟ್ ಎಚ್.264ಗೆ ಎಕ್ಸ್‌ಪೋರ್ಟ್ ಮಾಡಿದರೆ ಅಡ್ಡಡ್ಡ ಪಟ್ಟೆಗಳು. ಇದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಅದನ್ನು ತಡೆಯಲು ಬಳಸುವ ಡಿದರಿಂಗ್‌ಗೆ ನನಗೆ ತೋಚಿದ್ದು ‘ಚದುರಿಕೆ’. ಸರಿಯೇ?

ಮೈಸೂರಿನಿಂದ

ಬ್ಯಾಂಡಿಂಗ್ ನಮ್ಮ ಪ್ರೆಸ್ಸಿನಲ್ಲೂ ಇದೆ. ಇಂಕ್‌ಜೆಟ್ ಹೆಡ್ಡಿನ ನಾಜಲ್ ಕಟ್ಟಿಕೊಂಡರೆ ಪೋಸ್ಟರಿನ ತುಂಬ ಬಿಳಿ ಗೆರೆ. ಹೆಡ್ ಕ್ಲೀನ್ ಮಾಡಿ, ನಾಜಲ್ ಚೆಕ್ ಹೊಡೆಯಿರಿ, ಹೋಗುತ್ತದೆ. ನಾವು ಅದನ್ನು ‘ಲೈನ್ ಬಿತ್ತು’ ಅಂತೀವಿ. ನೀವೂ ಹಾಗೇ ಬರೆಯಬಹುದಲ್ವಾ?

ಬೆಂಗಳೂರಿನಿಂದ

ಸರ್, ಅದು ಬೇರೆ ಕಾಯಿಲೆ. ಇವರಿಗೆ ಬೇಕಾದ್ದು ಸುಲಭ. 8 ಬಿಟ್ಟಿನಲ್ಲಿ 256 ಹಂತ, 10 ಬಿಟ್ಟಿನಲ್ಲಿ 1024. ಪಟ್ಟೆ ಬಿದ್ದ ಫೈಲನ್ನೇ 10 ಬಿಟ್ಟಿಗೆ ತಿರುಗಿಸಿದರೆ ಮುಗಿಯಿತು. ‘ಬಣ್ಣದ ಮೆಟ್ಟಿಲು’ ಎನ್ನಿ, ಚೆನ್ನಾಗಿದೆ.

ಪುಣೆಯಿಂದ

ಹಂತಗಳ ಲೆಕ್ಕ ಸರಿ. ಆದರೆ ಪಟ್ಟೆ ಬಿದ್ದ ಮೇಲೆ ತಿರುಗಿಸಿದರೆ ಕಳೆದುಹೋದ ನಡುವಿನ ಹಂತಗಳು ಹುಟ್ಟಿ ಬರುವುದಿಲ್ಲ. ಅದೇ ಪಟ್ಟೆ, ದೊಡ್ಡ ಡಬ್ಬದಲ್ಲಿ.

ಧಾರವಾಡದವರು ಮೊದಲು ಒಂದು ಪರೀಕ್ಷೆ ಮಾಡಲಿ. ಎಕ್ಸ್‌ಪೋರ್ಟಿನ ಒಂದು ಫ್ರೇಮನ್ನು ಚಿತ್ರವಾಗಿ ಉಳಿಸಿ, ಪಕ್ಕಪಕ್ಕದ ಎರಡು ಪಟ್ಟೆಗಳ ಬೆಲೆಯನ್ನು ಕಲರ್ ಪಿಕ್ಕರಿನಲ್ಲಿ ನೋಡಿ. ನಿಮ್ಮ ಆಕಾಶ 600 ಸಾಲು ಎತ್ತರ ಇದೆ, ಹೊಳಪು 110ರಿಂದ 130ಕ್ಕೆ ಏರುತ್ತದೆ ಎಂದುಕೊಳ್ಳಿ. 20 ಹಂತ, ಒಂದೊಂದಕ್ಕೆ 30 ಸಾಲು. ಪಟ್ಟೆಗಳ ನಡುವೆ ಒಂದೇ ಅಂಕಿ ವ್ಯತ್ಯಾಸ ಇದ್ದರೆ ಅದು 8 ಬಿಟ್ಟಿನ ಮಿತಿ. ವ್ಯತ್ಯಾಸ ಮೂರು, ಪಟ್ಟೆ ಸುಮಾರು 90 ಸಾಲು ಅಗಲ ಅಂದರೆ ಎನ್‌ಕೋಡರ್ ಹಂತಗಳನ್ನು ನುಂಗಿದೆ. ಅಂಕಿಗಳು ನುಣುಪಾಗಿ ಏರುತ್ತಿದ್ದು ಕಣ್ಣಿಗೆ ಮಾತ್ರ ಪಟ್ಟೆ ಕಂಡರೆ, ನಿಮ್ಮ ಮಾನಿಟರನ್ನು ಅನುಮಾನಿಸಿ.

ಮೂಲ 10 ಬಿಟ್ ಇದ್ದರೆ ಎನ್‌ಕೋಡನ್ನೂ 10 ಬಿಟ್ಟಿನಲ್ಲೇ ಇಡಿ:

```
ffmpeg -i sanje.mov -c:v libx265 -pix_fmt yuv420p10le -crf 18 sanje10.mp4
```

ಮೂಲವೇ ಪಟ್ಟೆ ಬಿದ್ದ 8 ಬಿಟ್ ಆಗಿದ್ದರೆ ಇದೇ ಸಾಲಿಗೆ `-vf "format=yuv420p10le,deband"` ಸೇರಿಸಿ. ಇಲ್ಲಿ 10 ಬಿಟ್ಟು ಡಿಬ್ಯಾಂಡ್ ಹುಟ್ಟಿಸುವ ನಡುವಿನ ಬೆಲೆಗಳಿಗೆ ಜಾಗ ಕೊಡುತ್ತದೆ. ಡಿಬ್ಯಾಂಡಿನ ಥ್ರೆಶೋಲ್ಡ್ ಜಾಸ್ತಿ ಮಾಡಿದರೆ ತೆಳು ಮೋಡವೂ ಅಳಿಸಿಹೋಗುತ್ತದೆ.

ಈಗ ಪದ. ಡಿದರಿಂಗ್ ಸುಮ್ನೆ ಚುಕ್ಕಿ ಎರಚುವುದಲ್ಲ. ನಿಜವಾದ ಬೆಲೆ 120.3 ಇದ್ದಾಗ ಎಲ್ಲ ಪಿಕ್ಸೆಲ್‌ಗೂ 120 ಕೊಟ್ಟರೆ ಪಟ್ಟೆ. ಹತ್ತರಲ್ಲಿ ಸುಮಾರು ಮೂರಕ್ಕೆ 121, ಉಳಿದವಕ್ಕೆ 120 ಕೊಟ್ಟರೆ ಸರಾಸರಿ ಸರಿಹೋಗುತ್ತದೆ, ಪಟ್ಟೆಯ ಅಂಚು ಕರಗುತ್ತದೆ. ಸ್ವಲ್ಪ ಮರಳು ಮರಳಾಗಿ ಕಾಣುವುದು ಅದಕ್ಕೆ ತೆರುವ ಬೆಲೆ. ‘ಚದುರಿಕೆ’ ಬೇಡ. ಆಕಾಶ ನೀಲಿಯಾಗಿರುವುದಕ್ಕೆ ಬೆಳಕಿನ ಚದುರಿಕೆ ಕಾರಣ ಎಂದು ಮಕ್ಕಳೂ ಓದಿರುತ್ತಾರೆ. ಆಕಾಶದ ಪಾಠದಲ್ಲೇ ಅದೇ ಪದ ಬಂದರೆ ಗೊಂದಲ. ನನ್ನ ಓಟು ‘ಚುಕ್ಕಿಬೆರಕೆ’ಗೆ.

ಬೆಂಗಳೂರಿನಿಂದ

ಒಪ್ಪಿದೆ. ಆದರೆ 8 ಬಿಟ್ಟಿನಲ್ಲೇ ಕೊಡಿ ಎಂದು ಕ್ಲೈಂಟ್ ಕೇಳಿದರೆ? ನಾನು ಡಿದರ್ ಹಾಕಿ ಕೊಟ್ಟೆ, ಆದರೂ ಪಟ್ಟೆ ಬಂತು.

ಪುಣೆಯಿಂದ

ಎನ್‌ಕೋಡರಿಗೆ ಆ ಸಣ್ಣ ಚುಕ್ಕಿಗಳು ಕಸದ ಹಾಗೆ. ಬಿಟ್‌ರೇಟ್ ಕಡಿಮೆ ಇದ್ದರೆ ಮೊದಲು ಎಸೆಯುವುದೇ ಅವನ್ನು. ಸಿಆರ್‌ಎಫ್ ಇಳಿಸಿ, x264 ಆದರೆ `-tune grain` ಕೊಟ್ಟು ನೋಡಿ, ಫೈಲ್ ದೊಡ್ಡದಾಗುತ್ತದೆ. ಇಷ್ಟಾದ ಮೇಲೂ ನೀವು ಏರಿಸಿದ ಸೈಟು ತನ್ನ ಪಾಡಿಗೆ ಮತ್ತೆ ಕುಗ್ಗಿಸಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಮೈಸೂರಿನಿಂದ

‘ಬೆರಕೆ’ ಅಂದರೆ ನಮ್ಮ ಕಡೆ ಕಲಬೆರಕೆ ನೆನಪಾಗುತ್ತದೆ. ಗಿರಾಕಿ ಓಡಿಹೋಗುತ್ತಾನೆ.

ಧಾರವಾಡದಿಂದ

ಅಳೆದು ನೋಡಿದೆ. ಪಟ್ಟೆಗಳ ನಡುವೆ ಮೂರು ಅಂಕಿ ವ್ಯತ್ಯಾಸ, ಅಂದರೆ ಎನ್‌ಕೋಡರಿನದೇ ಕೈವಾಡ. 10 ಬಿಟ್ಟಿನ ಸಾಲು ಓಡಿಸಿದ ಮೇಲೆ ಆಕಾಶ ಸರಿಯಾಗಿದೆ. ಸೂರ್ಯನ ಸುತ್ತ ಮಾತ್ರ ಒಂದು ಬಳೆ ಇನ್ನೂ ತೆಳುವಾಗಿ ಕಾಣುತ್ತಿದೆ.

ಬ್ಯಾಂಡಿಂಗ್‌ಗೆ ‘ಪಟ್ಟೆ’ ಎಂದೇ ಬರೆಯುತ್ತೇನೆ. ‘ಮೆಟ್ಟಿಲು’ ಅಂದರೆ ಓರೆ ಗೆರೆಯ ಅಂಚು ಹಲ್ಲುಹಲ್ಲಾಗುವ ಇನ್ನೊಂದು ದೋಷ ನೆನಪಾಗುತ್ತದೆ. ಡಿದರಿಂಗ್‌ಗೆ ‘ಬೆರಕೆ’ ಇಲ್ಲದ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಅಲ್ಲಿಯವರೆಗೆ ಡಿದರ್ ಎಂದೇ ಇರಲಿ.