ಪದಚರ್ಚೆ: ‘ಪ್ರತಿ ಘಟಕಕ್ಕೆ ತೆರಿಗೆ’ ಎಂದರೆ ಯಾವ ಘಟಕಕ್ಕೆ?

ಡೊಂಬಿವಲಿಯಿಂದ:

ಬಳಗದವರಿಗೆ ನಮಸ್ಕಾರ. ನಮ್ಮ ಕಾಲೊನಿಯಲ್ಲಿ ಭಾನುವಾರ ಸಂಜೆ ಏಳೆಂಟು ಮಕ್ಕಳಿಗೆ ವಾಣಿಜ್ಯದ ಪಾಠ ಹೇಳಿಕೊಡುತ್ತೇನೆ. ಅವರ ಪರೀಕ್ಷೆ ಇಂಗ್ಲಿಷಿನಲ್ಲಿ, ಜಗಳ ಮರಾಠಿಯಲ್ಲಿ. ತಲೆಗೆ ಹೋಗಬೇಕಾದರೆ ಮಾತ್ರ ಕನ್ನಡ ಬೇಕು. ಈ ವಾರ ಮಾಲಿನ್ಯ ಮಾಡುವ ಉತ್ಪಾದಕನ ಮೇಲೆ ಎಷ್ಟು ತೆರಿಗೆ ಹಾಕಬೇಕು ಎಂಬ ಪಾಠ. ನಾನು ಬರೆದುಕೊಟ್ಟ ವಾಕ್ಯ ಹೀಗಿತ್ತು: ‘ಸೀಮಾಂತ ಸಾಮಾಜಿಕ ವೆಚ್ಚಕ್ಕೂ ಸೀಮಾಂತ ಖಾಸಗಿ ವೆಚ್ಚಕ್ಕೂ ಇರುವ ಅಂತರದಷ್ಟು ತೆರಿಗೆಯನ್ನು ಪ್ರತಿ ಘಟಕಕ್ಕೆ ವಿಧಿಸಬೇಕು.’

ಸೀಮಾಂತ ವೆಚ್ಚ ಎಂದರೆ ಇನ್ನೊಂದನ್ನು ಹೆಚ್ಚಾಗಿ ಮಾಡಲು ತಗಲುವ ವೆಚ್ಚ ಎಂದು ಮೊದಲೇ ಹೇಳಿದ್ದೆ. ವ್ಯಾಕರಣದಲ್ಲಿ ತಪ್ಪಿಲ್ಲ ಅಂದುಕೊಂಡೆ. ಒಬ್ಬ ಹುಡುಗನ ತಂದೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದಾರೆ. ಅವನು ಕೇಳಿದ: ‘ಟೀಚರ್, ದೊಡ್ಡ ಘಟಕಕ್ಕೂ ಸಣ್ಣ ಘಟಕಕ್ಕೂ ಒಂದೇ ತೆರಿಗೆಯೇ?’ ನಾನು ಹೇಳಿದ್ದು ತಯಾರಾಗುವ ಒಂದೊಂದು ವಸ್ತುವಿನ ಬಗ್ಗೆ, ಅವನ ಕಿವಿಗೆ ಘಟಕ ಎಂದರೆ ಕಾರ್ಖಾನೆ. ಪತ್ರಿಕೆಗಳಲ್ಲಿ ‘ಘಟಕ ಮುಚ್ಚಲು ಆದೇಶ’ ಎಂದು ಬರುವುದೂ ಅದೇ ಅರ್ಥದಲ್ಲಿ. ಇನ್ನೊಬ್ಬಳು ‘ಸಾಮಾಜಿಕ ವೆಚ್ಚ’ದ ಪಕ್ಕದಲ್ಲಿ ಪೆನ್ಸಿಲಿನಿಂದ ‘ಮದುವೆ, ಗಣಪತಿ ಚಂದಾ’ ಎಂದು ಬರೆದುಕೊಂಡಿದ್ದಳು. ನಗಬಾರದು, ಆದರೆ ನಕ್ಕೆ.

‘ಘಟಕ’ಕ್ಕೆ ಬದಲು ಏನು ಬರೆಯಲಿ? ‘ಸಾಮಾಜಿಕ’ವನ್ನು ಹಾಗೇ ಬಿಡಲೇ? ‘ಅಂತರ’ ಎಂದರೆ ಸಾಕೇ? ಪಾಠದ ಚಿತ್ರದಲ್ಲಿ ಈ ಎರಡು ವೆಚ್ಚಗಳ ರೇಖೆಗಳು, ಉತ್ಪಾದನೆ ಹೆಚ್ಚಿ ಬಲಕ್ಕೆ ಹೋದಂತೆ, ದೂರ ದೂರ ಆಗುತ್ತವೆ. ಆ ಅಂತರವನ್ನು ಎಲ್ಲಿ ಅಳೆಯಬೇಕು ಎಂಬುದನ್ನು ನನ್ನ ವಾಕ್ಯ ಹೇಳುವುದೇ ಇಲ್ಲ ಎಂದು ಈಗ ಅನ್ನಿಸುತ್ತಿದೆ.

ಗೋರೆಗಾಂವ್‌ನಿಂದ, ಶೆಟ್ಟಿ:

ಅಕ್ಕ, ನೀವು ಪದ ಹುಡುಕುತ್ತಿದ್ದೀರಿ, ನಾನು ರಸೀದಿ ಹುಡುಕುತ್ತಿದ್ದೇನೆ. ನಮ್ಮ ಹೋಟೆಲಿನ ತಂದೂರಿ ಹೊಗೆಗೆಂದು ಒಂದು ಕಚೇರಿಯವರು ದಂಡ ಹಾಕಿದರು. ಆ ದಂಡ ಕಟ್ಟಿದ್ದರಿಂದ ನಾನು ಒಂದು ರೊಟ್ಟಿಯನ್ನೂ ಕಡಿಮೆ ಸುಡಲಿಲ್ಲ, ಸತ್ಯ ಹೇಳುತ್ತೇನೆ. ತೆರಿಗೆ ಎಂದು ಏಕೆ ಬರೆಯುತ್ತೀರಿ? ದಂಡ ಎಂದೇ ಬರೆಯಿರಿ. ಕೊಡುವವನಿಗೆ ಎರಡೂ ಒಂದೇ.

ಪುಣೆಯಿಂದ, ಕುಲಕರ್ಣಿ:

ತಂಗಿ, ಘಟಕದ ತಂಟೆಗೆ ಸುಲಭ ಪರಿಹಾರವಿದೆ. ಇಲ್ಲಿ ಅಂಗಡಿಯವರೆಲ್ಲ ‘ನಗ’ ಎನ್ನುತ್ತಾರೆ, ನಮ್ಮ ಧಾರವಾಡದ ಪೇಟೆಯಲ್ಲೂ ಆ ಮಾತಿತ್ತು. ‘ನಗಕ್ಕೆ ಇಷ್ಟು ತೆರಿಗೆ’ ಎಂದರೆ ಕಾರ್ಖಾನೆಯ ಗೊಂದಲ ಉಳಿಯುವುದಿಲ್ಲ. ‘ಸೀಮಾಂತ’ವನ್ನೂ ‘ಅಂಚಿನ’ ಎಂದು ತಿಳಿಗನ್ನಡ ಮಾಡಿ.

ಅಂತರದ ವಿಚಾರದಲ್ಲಿ ಕಷ್ಟವೇನಿದೆ? ತೆರಿಗೆ ಎಂದರೆ ಎರಡು ರೇಖೆಗಳ ನಡುವಿನ ನೇರ ಎತ್ತರ. ಕಾರ್ಖಾನೆ ಈಗ ಎಷ್ಟು ತಯಾರಿಸುತ್ತಿದೆಯೋ ಆ ಜಾಗದಲ್ಲಿ ಕೋಲು ನಿಲ್ಲಿಸಿ ಅಳೆಯಿರಿ. ಇವತ್ತಿನ ಹಾನಿ ಎಷ್ಟೋ ಇವತ್ತಿನ ತೆರಿಗೆ ಅಷ್ಟು. ನಲವತ್ತು ವರ್ಷ ಎಂಜಿನಿಯರ್ ಆಗಿದ್ದವನು, ಅಳತೆಯಲ್ಲಿ ನನಗೆ ಅನುಮಾನವಿಲ್ಲ.

ಮಡಗಾಂವ್‌ನಿಂದ:

ಕುಲಕರ್ಣಿಯವರ ಮಾತಿನಲ್ಲಿ ಅರ್ಧ ಸರಿಯಾಗಿದೆ. ತೆರಿಗೆ ಎಂದರೆ ನೇರ ಎತ್ತರ, ಹೌದು. ಕೋಲು ನಿಲ್ಲಿಸಿದ ಜಾಗ ಮಾತ್ರ ತಪ್ಪು. ನಾನು ಮೂವತ್ತು ವರ್ಷ ಇದನ್ನೇ ಪಾಠ ಮಾಡಿದವಳು. ಉತ್ತರಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ತಪ್ಪು ಇದೇ, ಹಾಗಾಗಿ ಬೇಸರಿಸಬೇಡಿ.

ಆ ಹುಡುಗನ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ, ಅಂಕಿಗಳು ನಾನೇ ಕಟ್ಟಿದವು. ಬಣ್ಣ ಹಾಕಿದ ಒಂದು ಥಾನು ಬಟ್ಟೆಗೆ 500 ರೂಪಾಯಿ ಸಿಗುತ್ತದೆ. ಮಾಲೀಕ ಎಷ್ಟು ಮಾರಿದರೂ ಬೆಲೆ ಅಷ್ಟೇ. ದಿನದ ಮೊದಮೊದಲ ಥಾನುಗಳಿಗೆ ಅವನಿಗೆ ನೂರರ ಸುಮಾರು ಖರ್ಚು. ಆಮೇಲೆ ಓವರ್‌ಟೈಮ್ ಕೂಲಿ, ಬಾಯ್ಲರಿನ ಹೆಚ್ಚುವರಿ ಉರುವಲು ಸೇರಿ, ಪ್ರತಿಯೊಂದು ಥಾನೂ ಹಿಂದಿನದಕ್ಕಿಂತ 4 ರೂಪಾಯಿ ದುಬಾರಿಯಾಗುತ್ತ ಹೋಗುತ್ತದೆ. ನೂರನೆಯ ಥಾನಿಗೆ ಖರ್ಚು 500 ಆಗುತ್ತದೆ, ಅವನು ಅಲ್ಲಿಗೆ ನಿಲ್ಲಿಸುತ್ತಾನೆ. ಇದು ಖಾಸಗಿ ವೆಚ್ಚದ ರೇಖೆ.

ಬಣ್ಣದ ನೀರು ನಾಲೆಗೆ ಹೋಗುತ್ತದೆ. ಮೊದಲ ಥಾನಿನ ಕೊಳೆಯನ್ನು ನಾಲೆ ನುಂಗಿಕೊಳ್ಳುತ್ತದೆ, ನೂರನೆಯದರ ಹೊತ್ತಿಗೆ ಕೆಳಗಿನ ಬಾವಿಯ ನೀರೂ ಕೆಂಪಾಗಿರುತ್ತದೆ. ಹಾಗಾಗಿ ಹೊರಗಿನವರಿಗೆ ಆಗುವ ಹಾನಿ ಒಂದನೆಯ ಥಾನಿಗೆ 1 ರೂಪಾಯಿ, ಐವತ್ತನೆಯದಕ್ಕೆ 50, ನೂರನೆಯದಕ್ಕೆ 100 ಎನ್ನೋಣ. ಮಾಲೀಕನ ಖರ್ಚಿನ ಮೇಲೆ ಇದನ್ನು ಹೇರಿದರೆ ಸಾಮಾಜಿಕ ವೆಚ್ಚದ ರೇಖೆ. ಇಡೀ ಊರಿನ ಲೆಕ್ಕದಲ್ಲಿ ಎಂಬತ್ತನೆಯ ಥಾನಿಗೆ ಮಾಲೀಕನ 420, ಊರಿನ 80, ಒಟ್ಟು 500. ಅದರ ಆಚೆಗಿನ ಪ್ರತಿ ಥಾನೂ ಕೊಡುವುದಕ್ಕಿಂತ ಹೆಚ್ಚು ಕಸಿಯುತ್ತದೆ. ನಿಲ್ಲಬೇಕಾದ ಜಾಗ ಎಂಬತ್ತು. ಕೋಲು ಅಲ್ಲಿ ನೆಡಬೇಕು. ಥಾನಿಗೆ 80 ರೂಪಾಯಿ ತೆರಿಗೆ ಹಾಕಿದರೆ ಮಾಲೀಕ ತನ್ನ ಲಾಭ ನೋಡಿಕೊಂಡೇ ಎಂಬತ್ತಕ್ಕೆ ನಿಲ್ಲಿಸುತ್ತಾನೆ.

ಕುಲಕರ್ಣಿಯವರ ಜಾಗದಲ್ಲಿ ಅಳೆದರೆ ತೆರಿಗೆ 100 ಬರುತ್ತದೆ. ಆಗ ಅವನು 75ಕ್ಕೇ ನಿಲ್ಲಿಸುತ್ತಾನೆ. ಕೈಬಿಟ್ಟ ಐದು ಥಾನುಗಳಲ್ಲಿ ಯಾವುದಕ್ಕೂ ಊರಿಗೆ 500ಕ್ಕಿಂತ ಹೆಚ್ಚು ಖರ್ಚಿರಲಿಲ್ಲ, ಅದು ಬರೀ ನಷ್ಟ. ಇನ್ನು ಕೆಲವರು ಒಟ್ಟು ಹಾನಿಯನ್ನು ನೂರು ಥಾನುಗಳಿಗೆ ಹಂಚಿ ಸರಾಸರಿ ಸುಮಾರು 50 ಎನ್ನುತ್ತಾರೆ. ಆಗ ಕಾರ್ಖಾನೆ ಎಂಬತ್ತೇಳರವರೆಗೂ ಓಡುತ್ತದೆ. ‘ಅಂತರದಷ್ಟು’ ಎಂಬ ಒಂದೇ ಪದದಿಂದ 50, 80, 100 ಎಂಬ ಮೂರು ತೆರಿಗೆಗಳು ಹುಟ್ಟಿದವು ನೋಡಿ. ಎರಡು ರೇಖೆಗಳು ಸಮಾನಾಂತರವಾಗಿದ್ದರೆ ಎಲ್ಲಿ ಅಳೆದರೂ ಒಂದೇ ಉತ್ತರ. ಎಷ್ಟೋ ಪುಸ್ತಕಗಳ ಚಿತ್ರ ಹಾಗೆಯೇ ಇರುವುದರಿಂದ ಈ ತಪ್ಪು ಸಿಕ್ಕಿಬೀಳದೆ ಉಳಿಯುತ್ತದೆ.

ಶೆಟ್ಟರೇ, ನಿಮ್ಮ ರೊಟ್ಟಿಯ ಮಾತು ನಿಮಗೆ ತಿಳಿಯದೆಯೇ ಮೂಲಪ್ರಶ್ನೆಗೆ ಉತ್ತರ ಕೊಟ್ಟಿದೆ. ಎಂಬತ್ತು ಥಾನಿಗೆ 80ರಂತೆ ದಿನಕ್ಕೆ 6400 ರೂಪಾಯಿ ತೆರಿಗೆ ಬರುತ್ತದೆ. ಅದೇ 6400ನ್ನು ‘ಪ್ರತಿ ಘಟಕಕ್ಕೆ’, ಅಂದರೆ ಹುಡುಗ ತಿಳಿದಂತೆ ಕಾರ್ಖಾನೆಗೆ, ಇಡಿಯಾಗಿ ಹಾಕಿದರೆ ಏನಾಗುತ್ತದೆ? ಮಾಲೀಕ ಹಣ ಕಟ್ಟಿ ಮತ್ತೆ ನೂರು ಥಾನು ಮಾಡುತ್ತಾನೆ. ಮುಂದಿನ ಥಾನಿನ ಖರ್ಚು ಒಂದು ಪೈಸೆಯೂ ಬದಲಾಗಲಿಲ್ಲವಲ್ಲ! ಬಾಗಿಲು ಮುಚ್ಚುವಷ್ಟು ಭಾರವಾದರೆ ಮಾತ್ರ ವ್ಯತ್ಯಾಸ. ಹಾಗಾಗಿ ದಂಡ ಎಂಬ ಪದ ಬೇಡ. ದಂಡ ತಪ್ಪಿಗೆ ಒಮ್ಮೆ ಬೀಳುತ್ತದೆ, ಇದು ಥಾನು ಥಾನಿಗೂ ಬೀಳಬೇಕು. ಎಂಬತ್ತು ಥಾನು ಮಾಡುವುದು ತಪ್ಪೂ ಅಲ್ಲ.

ಡೊಂಬಿವಲಿಯಿಂದ:

ಮೇಡಂ, ಹೆದರಿಕೆಯಾಗುವಷ್ಟು ಸ್ಪಷ್ಟವಾಯಿತು. ಒಂದು ಸಂಶಯ: ‘ಪರಿಹಾರ’ ಎಂದು ಇನ್ನೊಂದು ಕಡೆ ಬರೆದಿದ್ದೇನೆ, ತೆರಿಗೆ ಹಣ ನಾಲೆಯ ಪಕ್ಕದವರಿಗೆ ಪರಿಹಾರ ಎಂಬಂತೆ. ಅದೂ ತಪ್ಪೇ?

ಮಡಗಾಂವ್‌ನಿಂದ:

ತೆಗೆದುಬಿಡಿ. ಎಂಬತ್ತು ಥಾನಿನಲ್ಲಿ ಉಳಿದಿರುವ ಒಟ್ಟು ಹಾನಿ 3240, ತೆರಿಗೆ ಬಂದದ್ದು 6400. ಎರಡೂ ಸರಿಹೊಂದಬೇಕೆಂಬ ನಿಯಮವೇ ಇಲ್ಲ. ಕೊನೆಯ ಥಾನಿನ ದರವನ್ನು ಎಲ್ಲ ಥಾನುಗಳ ಮೇಲೆ ಹಾಕುತ್ತೇವೆ, ಅದಕ್ಕೇ ಹೀಗೆ. ಆ ಹಣವನ್ನು ಯಾರಿಗೆ ಕೊಡಬೇಕು ಎನ್ನುವುದು ಬೇರೆ ಜಗಳ.

‘ಘಟಕ’ಕ್ಕೆ ನನ್ನ ಸಲಹೆ: ಪಾರಿಭಾಷಿಕ ಪದವೇ ಬೇಡ, ವಸ್ತುವಿನ ಅಳತೆಯನ್ನು ಹೇಳಿ. ಕಲ್ಲಿದ್ದಲಿನ ಮೇಲೆ 2010ರಲ್ಲಿ ಸೆಸ್ ಬಂದಾಗ ಜನ ‘ಟನ್ನಿಗೆ 50 ರೂಪಾಯಿ’ ಎಂದರು, 2016ರಲ್ಲಿ ‘ಟನ್ನಿಗೆ 400’ ಆಯಿತು. ಯಾರಿಗೂ ಗೊಂದಲವಾಗಲಿಲ್ಲ. (ಅದು ನಮ್ಮ ಪಾಠದ ತೆರಿಗೆಯೇ ಎಂದರೆ ಪೂರ್ತಿ ಅಲ್ಲ. ಊರ ನಡುವೆ ಸುಟ್ಟರೂ ಕಾಡಿನಲ್ಲಿ ಸುಟ್ಟರೂ ದರ ಒಂದೇ ಆಗಿತ್ತು, ಹಾನಿ ಒಂದೇ ಅಲ್ಲ.)

ಪುಣೆಯಿಂದ, ಕುಲಕರ್ಣಿ:

ಕೋಲಿನ ವಿಷಯದಲ್ಲಿ ಸೋತೆ, ಒಪ್ಪಿದೆ. ಆದರೆ ಎಂಜಿನಿಯರನ ಪ್ರಶ್ನೆ: ತೆರಿಗೆ ಹಾಕುವವನಿಗೆ ಎಂಬತ್ತು ಎಲ್ಲಿದೆ ಎಂದು ಮೊದಲೇ ಹೇಗೆ ಗೊತ್ತು? ಅವನ ಕಣ್ಣಿಗೆ ಕಾಣುವುದು ಇವತ್ತಿನ ನೂರು ಮಾತ್ರ.

ಮಡಗಾಂವ್‌ನಿಂದ:

ಒಳ್ಳೆಯ ಪ್ರಶ್ನೆ, ಇದಕ್ಕೆ ನಿಮ್ಮ ತಪ್ಪು ಜಾಗದಿಂದಲೇ ಹೊರಡಬಹುದು. ಮೊದಲು 100 ಹಾಕಿ. ಉತ್ಪಾದನೆ 75ಕ್ಕೆ ಇಳಿಯುತ್ತದೆ. ಅಲ್ಲಿ ಮತ್ತೆ ಅಳೆದರೆ ಕೊನೆಯ ಥಾನಿನ ಹಾನಿ 75, ಕಟ್ಟಿಸಿಕೊಳ್ಳುತ್ತಿರುವುದು 100. ತೆರಿಗೆ ಹೆಚ್ಚಾಗಿದೆ ಎಂಬುದಕ್ಕೆ ಇದೇ ಗುರುತು. ಈಗ 75 ಹಾಕಿ, ಉತ್ಪಾದನೆ 81ರ ಆಸುಪಾಸಿಗೆ ಏರುತ್ತದೆ. ಮತ್ತೆ ಅಳೆದು ಹಾಕಿದರೆ 80ಕ್ಕೆ ಒಂದು ಕೂದಲೆಳೆ ಕೆಳಗೆ. ತೂಗುತ್ತ ತೂಗುತ್ತ ಜಾಗಕ್ಕೆ ಬರುತ್ತದೆ. ಆದರೆ ಹಾನಿಯ ರೇಖೆ ಮಾಲೀಕನ ಖರ್ಚಿನ ರೇಖೆಗಿಂತ ಕಡಿದಾಗಿದ್ದರೆ ಈ ತೂಗಾಟ ಪ್ರತಿ ಸಲ ದೊಡ್ಡದಾಗುತ್ತದೆ, ಎಂದೂ ನಿಲ್ಲುವುದಿಲ್ಲ. ಮೇಲಾಗಿ ಹಾನಿಯನ್ನು ರೂಪಾಯಿಯಲ್ಲಿ ಅಳೆಯುವುದು ಕಾಗದದ ಮೇಲೆ ಇದ್ದಷ್ಟು ಸುಲಭವಲ್ಲ. ಬಾವಿಯ ಕೆಂಪು ನೀರಿನಲ್ಲಿ ಈ ಕಾರ್ಖಾನೆಯ ಪಾಲೆಷ್ಟು, ಪಕ್ಕದ್ದರ ಪಾಲೆಷ್ಟು ಎಂಬಲ್ಲೇ ಹಲವು ಲೆಕ್ಕಗಳು ಮುರಿದುಬೀಳುತ್ತವೆ.

‘ಅಂಚಿನ’ ನನಗೆ ಹಿಡಿಸಲಿಲ್ಲ. ಅಂಚಿನ ವೆಚ್ಚ ಎಂದರೆ ಸೀರೆಯ ಅಂಚಿನದೋ ಎನ್ನುತ್ತಾರೆ. ಪಿಯುಸಿ ಪುಸ್ತಕದಲ್ಲಿ ‘ಸೀಮಾಂತ’ ಇದೆ, ಮರಾಠಿಯಲ್ಲೂ ಅದೇ ಇದೆ. ಮಕ್ಕಳಿಗೆ ಎರಡು ಕಡೆ ಉಪಯೋಗ.

ಗೋರೆಗಾಂವ್‌ನಿಂದ, ಶೆಟ್ಟಿ:

‘ನಗ’ ಬೇಡ ಮಾರಾಯರೇ. ನಮ್ಮ ಊರಿನ ಕಡೆ ನಗ ಎಂದರೆ ಒಡವೆ. ನಗಕ್ಕೆ ತೆರಿಗೆ ಎಂದು ಬರೆದರೆ ನನ್ನ ಹೆಂಡತಿ ಕಪಾಟಿಗೆ ಬೀಗ ಹಾಕುತ್ತಾಳೆ.

ಡೊಂಬಿವಲಿಯಿಂದ:

ತಿದ್ದಿದ ವಾಕ್ಯ: ‘ಊರಿನ ಒಟ್ಟು ಲೆಕ್ಕದಲ್ಲಿ ಎಷ್ಟನೆಯ ಥಾನಿಗೆ ನಿಲ್ಲಬೇಕೋ, ಆ ಥಾನಿನಿಂದ ಹೊರಗಿನವರಿಗೆ ಆಗುವ ಹಾನಿಯಷ್ಟು ತೆರಿಗೆಯನ್ನು ಪ್ರತಿ ಥಾನಿಗೂ ಹಾಕಬೇಕು.’ ‘ಸಾಮಾಜಿಕ ವೆಚ್ಚ’ವನ್ನು ಉಳಿಸಿಕೊಂಡೆ, ‘ಮಾಲೀಕನದೂ ಸೇರಿ’ ಎಂದು ಪಕ್ಕದಲ್ಲಿ ಬರೆದೆ. ಮದುವೆ, ಚಂದಾ ಎಂದು ಬರೆದಿದ್ದ ಹುಡುಗಿ ಅಳಿಸುವ ರಬ್ಬರ್ ಕೇಳಿದಳು.

ಭಾನುವಾರ ಇದನ್ನು ಓದಿದಾಗ ಅದೇ ಹುಡುಗ ಮತ್ತೆ ಕೈ ಎತ್ತಿದ: ‘ಅಪ್ಪನ ಕಾರ್ಖಾನೆಯವರು ನೀರು ಶುದ್ಧ ಮಾಡುವ ಯಂತ್ರ ಹಾಕಿಸಿದರೆ ಥಾನಿನ ತೆರಿಗೆ ಕಡಿಮೆಯಾಗುತ್ತದೆಯೇ?’

ಮಡಗಾಂವ್‌ನಿಂದ:

ಆಗುವುದಿಲ್ಲ. ಅದೇ ಈ ತೆರಿಗೆಯ ಊನ. ಬಟ್ಟೆಯ ಮೇಲೆ ತೆರಿಗೆ ಹಾಕಿದರೆ ಮಾಲೀಕ ಬಟ್ಟೆ ಕಡಿಮೆ ಮಾಡುತ್ತಾನೆ, ಯಂತ್ರಕ್ಕೆ ಹಣ ಹಾಕುವುದರಿಂದ ಅವನಿಗೆ ಏನೂ ಉಳಿಯುವುದಿಲ್ಲ. ಒಂದು ಥಾನಿಗೆ ಇಷ್ಟೇ ಕೊಳೆ ಎಂದು ನಿಗದಿಯಾಗಿದ್ದಾಗ ಮಾತ್ರ ಥಾನನ್ನು ಎಣಿಸಿದರೆ ಸಾಕು. ಕೊಳೆಯನ್ನು ಇಳಿಸಲು ದಾರಿ ಇದ್ದರೆ ತೆರಿಗೆ ಬೀಳಬೇಕಾದದ್ದು ನಾಲೆಗೆ ಬಿಟ್ಟ ಕೊಳೆಯ ಕಿಲೋ ಮೇಲೆ. ಹುಡುಗನಿಗೆ ನನ್ನ ಶಭಾಶ್ ತಿಳಿಸಿ.

ಡೊಂಬಿವಲಿಯಿಂದ:

ಅಂದರೆ ‘ಥಾನು’ ಕೂಡ ಹೋಯಿತು. ‘ಕೊಳೆಯ ಕಿಲೋಗೆ’ ಎಂದು ಪರೀಕ್ಷೆಯ ಟಿಪ್ಪಣಿಯಲ್ಲಿ ಬರೆಯಲು ಕೈ ಬರುತ್ತಿಲ್ಲ, ‘ಕಲುಷಿತ ವಿಸರ್ಜನೆ’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಮುಂದಿನ ಭಾನುವಾರದೊಳಗೆ ಯಾರಾದರೂ ಒಂದು ಪದ ಕೊಡಿ.