ಹಾಗಲಕಾಯಿ ಕಹಿ ಹೋದರೆ ಹೋಳು ಮೆತ್ತಗಾಗುತ್ತೆ, ಸಹಾಯ ಬೇಕು
ಅಪ್ಪನಿಗೆ ಹಾಗಲಕಾಯಿ ಪಲ್ಯ ಇಷ್ಟ, ಆದರೆ ಕಹಿ ಜಾಸ್ತಿಯಾದರೆ ತಟ್ಟೆ ಸರಿಸಿಬಿಡುತ್ತಾರೆ. ಕಾಲು ಕೆಜಿ ಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಬೀಜ ತೆಗೆದು, ಒಂದು ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಇಟ್ಟೆ. ಹಸಿರು ನೀರು ಬಿಟ್ಟಿತು. ಹಿಂಡಿ, ತೊಳೆದು, ಒಗ್ಗರಣೆಗೆ ಹಾಕಿದೆ. ಕಹಿ ಕಡಿಮೆಯಾಯಿತು, ಆದರೆ ಬಿಲ್ಲೆಗಳು ಮುದುಡಿ, ಸೌಟು ತಾಗಿದರೆ ಹರಿದವು.

ಮರುದಿನ ಹಿಂಡದೆ, ಹುಣಸೆನೀರಲ್ಲಿ ನೆನೆಸಿದೆ. ಹೋಳು ಗಟ್ಟಿಯಾಗೇ ಉಳಿಯಿತು, ಕಹಿಯೂ ಹಾಗೇ ಉಳಿಯಿತು. ಎರಡು ಸಲವೂ ಮುಚ್ಚಳ ಮುಚ್ಚಿಯೇ ಬೇಯಿಸಿದ್ದೆ. ಆವಿಗೇ ಮೆತ್ತಗಾಯಿತಾ, ಜೋರಾಗಿ ಹಿಂಡಿದ್ದಕ್ಕಾ, ಗೊತ್ತಾಗುತ್ತಿಲ್ಲ.

ಉಪ್ಪು ಹಚ್ಚಿದ ಮೇಲೆ ಎಷ್ಟು ಹಿಂಡಬೇಕು? ಬಿಲ್ಲೆ ಎಷ್ಟು ದಪ್ಪ ಇರಬೇಕು? ಮುಚ್ಚದೆ ಹುರಿದರೆ ಒಳಗೆ ಬೇಯುತ್ತಾ?